ರಿಟರ್ನ್ ಸಲ್ಲಿಸಿದ ಮೇಲೂ ಮುಗಿಯದ ತೆರಿಗೆ ಲೆಕ್ಕ

ಪಾಲುದಾರಿಕೆ ಸಂಸ್ಥೆಗಳ ಆಸ್ತಿ-ಹೊಣೆ ಪಟ್ಟಿ ಕೈಗೆ ಬಂದಾಗ ನಾನು ಮೊದಲು ನೋಡುವುದು ಆದಾಯ ತೆರಿಗೆಯ ಲೆಡ್ಜರ್‌ಗಳನ್ನು. ರಿಟರ್ನ್ ಹಾಕಿ ಮೂರು ವರ್ಷ ಆಗಿರುತ್ತದೆ. ಆದರೂ ಒಂದು ಕಡೆ ಬರಲಿರುವ ತೆರಿಗೆಗೆಂದು ಅಂದಾಜಿನಲ್ಲಿ ತೆಗೆದಿಟ್ಟ ‘ತೆರಿಗೆಗೆ ಪ್ರಾವಿಷನ್’, ಇನ್ನೊಂದು ಕಡೆ ಮುಂಚಿತವಾಗಿ ಕಟ್ಟಿದ ‘ಅಡ್ವಾನ್ಸ್ ಟ್ಯಾಕ್ಸ್’ ಹಾಗೇ ಕೂತಿರುತ್ತವೆ. ಒಂದಕ್ಕೊಂದು ವಜಾ ಮಾಡಿ ಎರಡನ್ನೂ ಮುಗಿಸುವ ಜರ್ನಲ್ ಎಂಟ್ರಿಯನ್ನು ಯಾರೂ ಹಾಕಿರುವುದಿಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. 2024-25ರಲ್ಲಿ ಒಂದು ಪಾಲುದಾರಿಕೆ ಸಂಸ್ಥೆಗೆ ತೆರಿಗೆಗೆ ಮುಂಚಿನ ಲಾಭ 20 ಲಕ್ಷ ರೂಪಾಯಿ. ಸೆಸ್ ಸೇರಿ ತೆರಿಗೆ ಶೇ 31.2. ಮಾರ್ಚ್ 31ಕ್ಕೆ ಲಾಭ-ನಷ್ಟ ಖಾತೆಗೆ ಡೆಬಿಟ್ ಮಾಡಿ 6,24,000 ರೂ. ಪ್ರಾವಿಷನ್ ಇಟ್ಟರು. ಅಷ್ಟರಲ್ಲಿ ನಾಲ್ಕು ಕಂತಿನಲ್ಲಿ 5,40,000 ಅಡ್ವಾನ್ಸ್ ಟ್ಯಾಕ್ಸ್ ಕಟ್ಟಿದ್ದರು. ಗ್ರಾಹಕರು 50,000 ಟಿಡಿಎಸ್ ಹಿಡಿದಿದ್ದರು. ಇವೆರಡೂ ಖರ್ಚಲ್ಲ, ಇಲಾಖೆಯ ಹತ್ತಿರ ಇರುವ ನಮ್ಮ ಹಣ. ಅದಕ್ಕೇ ಆಸ್ತಿಯ ಕಡೆ ಬರುತ್ತವೆ.

ರಿಟರ್ನ್ ತಯಾರಿಸುವಾಗ ಒಬ್ಬ ವ್ಯಾಪಾರಿಗೆ ಒಂದೇ ದಿನ ನಗದಾಗಿ ಕೊಟ್ಟ 50,000 ರೂ. ಖರ್ಚು ಕಣ್ಣಿಗೆ ಬಿತ್ತು. ದಿನಕ್ಕೆ ಒಬ್ಬರಿಗೆ 10,000 ಮೀರಿದ ನಗದು ಖರ್ಚನ್ನು ಕಾನೂನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಹಾಗಾಗಿ ಆದಾಯ 20,50,000 ಆಯಿತು, ತೆರಿಗೆ 6,39,600 ಆಯಿತು. ಕಟ್ಟಿದ್ದನ್ನು ಕಳೆದರೆ ಬಾಕಿ 49,600. ಮೊದಲ ಮೂರು ಕಂತು ಸರಿಯಾಗಿದ್ದವು. ಮಾರ್ಚ್ 15ರ ಕಂತು ಕಡಿಮೆ ಬಿದ್ದದ್ದಕ್ಕೆ ಶೇ 1ರಂತೆ 496 ಬಡ್ಡಿ. ಹತ್ತಕ್ಕೆ ದುಂಡಗೆ ಮಾಡಿ 50,100 ರೂ. ಸ್ವಯಂ ನಿರ್ಧಾರ ತೆರಿಗೆ ಕಟ್ಟಿದರು.

ಎಡವುವುದು ಇಲ್ಲೇ. ಈ 50,100ನ್ನು ಅಕೌಂಟೆಂಟ್ ನೇರವಾಗಿ ಈ ವರ್ಷದ ತೆರಿಗೆ ಖರ್ಚಿಗೆ ಬರೆದುಬಿಡುತ್ತಾರೆ. ಅದರಲ್ಲಿ 34,000, ಅಂದರೆ 6,24,000ದಲ್ಲಿ ಆಗಲೇ ಕಟ್ಟಿದ್ದ 5,90,000 ಕಳೆದು ಉಳಿದದ್ದು, ಹೋದ ವರ್ಷದ ಪ್ರಾವಿಷನ್‌ನಲ್ಲೇ ಸೇರಿತ್ತು, ಅಲ್ವಾ? ಅದೇ ತೆರಿಗೆ ಎರಡು ಸಲ ಖರ್ಚಾದಂತಾಯಿತು. ಪಾಲುದಾರರ ಲಾಭ ಸುಮ್ನೆ ಕಡಿಮೆ ಕಾಣುತ್ತದೆ.

ಸರಿಯಾದ ಎಂಟ್ರಿಯಲ್ಲಿ ಪ್ರಾವಿಷನ್ 6,24,000 ಪೂರ್ತಿ ಡೆಬಿಟ್ ಆಗಬೇಕು. ಕೊರತೆಯಾದ 15,600 ‘ಹಿಂದಿನ ವರ್ಷದ ತೆರಿಗೆ’ ಎಂದು, ಬಡ್ಡಿ ಮತ್ತು ದುಂಡಗೆ ಮಾಡಿದ ಚಿಲ್ಲರೆ ಸೇರಿ 500 ಬೇರೆಯಾಗಿ, ಈ ವರ್ಷದ ಲಾಭ-ನಷ್ಟಕ್ಕೆ ಹೋಗಬೇಕು. ಎದುರಿಗೆ ಅಡ್ವಾನ್ಸ್ ಟ್ಯಾಕ್ಸ್, ಟಿಡಿಎಸ್ ಮತ್ತು 50,100 ಕ್ರೆಡಿಟ್. ಎರಡೂ ಬದಿ 6,40,100. ಮುಗಿದ ವರ್ಷದ ಪುಸ್ತಕವನ್ನು ಮತ್ತೆ ತೆರೆಯುವ ಅಗತ್ಯ ಇಲ್ಲ. ಆದರೆ ಈ 15,600 ಆಗಲಿ, ಬಡ್ಡಿ ಆಗಲಿ, ಮುಂದಿನ ರಿಟರ್ನ್‌ನಲ್ಲಿ ಖರ್ಚಾಗಿ ಸಿಗುವುದಿಲ್ಲ. ಅವನ್ನು ಆದಾಯಕ್ಕೆ ವಾಪಸ್ ಸೇರಿಸಬೇಕು.

ರಿಟರ್ನ್ ನೋಡಿ ಇಲಾಖೆ ಕಳಿಸುವ ಇಂಟಿಮೇಷನ್ ಬರಲಿ ಅಂತ ಕೆಲವರು ಕಾಯುತ್ತಾರೆ. ನಾನು ಕಾಯುವುದಿಲ್ಲ. ಅದರಲ್ಲಿ ವ್ಯತ್ಯಾಸ ಬಂದರೆ ಅಷ್ಟಕ್ಕೇ ಇನ್ನೊಂದು ಎಂಟ್ರಿ ಸಾಕು. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಪ್ರತಿ ವರ್ಷಕ್ಕೂ ಬೇರೆ ಲೆಡ್ಜರ್ ಇಟ್ಟರೆ, ಯಾವ ವರ್ಷದ ಬಾಕಿ ಉಳಿದಿದೆ ಅನ್ನುವುದು ಹೆಸರಲ್ಲೇ ಗೊತ್ತಾಗುತ್ತದೆ.