ಸರ್ವೆ ವಿಡಿಯೊದಲ್ಲಿ ಬಾರ್ ಯಾವಾಗ ಬೆಳೆಯಬೇಕು?

ಸರ್ವೆಯ ಫಲಿತಾಂಶಕ್ಕೆ ವಿಡಿಯೊ ಮಾಡಿಸಲು ಬರುವವರು ಸಾಮಾನ್ಯವಾಗಿ ಒಂದು ಎಕ್ಸೆಲ್ ಹಾಳೆ ತರುತ್ತಾರೆ. ಕೊಡಗಿನಲ್ಲಿ ಹೆಚ್ಚಾಗಿ ಬೆಳೆಗಾರರ ಸಂಘದವರು, ಹೋಂಸ್ಟೇ ನಡೆಸುವವರು. ನಾನು ಅವರನ್ನು ಮೊದಲು ಕೇಳುವುದು ಎರಡೇ ವಿಷಯ. ನೀವು ಜನರಿಗೆ ಹಾಕಿದ ಪ್ರಶ್ನೆ ಯಾವ ಮಾತಿನಲ್ಲಿತ್ತು? ಒಂದೇ ಉತ್ತರ ಹೇಳಿ ಅಂದಿದ್ದಿರಾ, ಎಷ್ಟು ಬೇಕಾದರೂ ಹೇಳಬಹುದಿತ್ತಾ? ಎಷ್ಟು ಬೇಕಾದರೂ ಹೇಳಬಹುದಿದ್ದರೆ ಎಲ್ಲ ಉತ್ತರ ಕೂಡಿದಾಗ ನೂರು ದಾಟುತ್ತದೆ. ಆಗ ಪೈ ಚಾರ್ಟ್ ಹಾಕುವಂತೆಯೇ ಇಲ್ಲ.

ಒಂದು ಉದಾಹರಣೆ ಇಟ್ಟುಕೊಂಡು ಹೇಳುತ್ತೇನೆ. ಅಂಕಿಗಳು ಲೆಕ್ಕ ತಿಳಿಯಲಿ ಅಂತ ನಾನೇ ಹಾಕಿದವು, ಯಾವ ಸರ್ವೆಯದೂ ಅಲ್ಲ. ಜಿಲ್ಲೆಯ 400 ಕಾಫಿ ಬೆಳೆಗಾರರನ್ನು ಕೇಳಿದ್ದಾರೆ: "ತೋಟದಲ್ಲಿ ಈಗ ನಿಮಗಿರುವ ದೊಡ್ಡ ತೊಂದರೆ ಯಾವುದು? ಒಂದನ್ನೇ ಹೇಳಿ." ಕೆಲಸಕ್ಕೆ ಜನ ಸಿಗುವುದಿಲ್ಲ ಎಂದವರು ನೂರಕ್ಕೆ 46. ಮಳೆಯ ಏರುಪೇರು 21, ಆನೆ ಕಾಟ 18, ಬೆಲೆ 11, ಗೊತ್ತಿಲ್ಲ 4.

ಇದಕ್ಕೆ ನಾನು ಅಡ್ಡ ಬಾರ್ ಹಾಕುತ್ತೇನೆ. ಕನ್ನಡದ ಪದಗಳು ಉದ್ದ. ನಿಂತ ಬಾರಿನ ಕೆಳಗೆ "ಮಳೆಯ ಏರುಪೇರು" ಅಂತ ಬರೆಯಲು ಹೋದರೆ ಅಕ್ಷರ ಸಣ್ಣದಾಗುತ್ತದೆ ಇಲ್ಲವೇ ಓರೆಯಾಗುತ್ತದೆ. ವಾಟ್ಸಾಪ್‌ನಲ್ಲಿ ವಿಡಿಯೊ ಕುಗ್ಗಿದ ಮೇಲೆ ಒತ್ತಕ್ಷರ ಓದಲೇ ಆಗುವುದಿಲ್ಲ. ಅಡ್ಡ ಬಾರಿಗೆ ಹೆಸರು ಎಡಗಡೆ ಆರಾಮಾಗಿ ಕೂರುತ್ತದೆ.

ಈಗ ಕಟ್ಟುವ ಸರದಿ. ಮೊದಲು ಪ್ರಶ್ನೆ, ಕೇಳಿದ ಮಾತಿನಲ್ಲೇ. ಅದರ ಕೆಳಗೆ "400 ಬೆಳೆಗಾರರು". ಈ ಸಾಲನ್ನು ಕೊನೆಗೆ ತಳ್ಳುವವರು ಜಾಸ್ತಿ. ಆದರೆ ಯಾರನ್ನು ಕೇಳಿದ್ದು ಅಂತ ತಿಳಿಯದೆ ನೋಡುವವರಿಗೆ ಮುಂದಿನ ಒಂದು ಅಂಕಿಯೂ ಅರ್ಥವಾಗುವುದಿಲ್ಲ. ಆಮೇಲೆ ಐದೂ ಹೆಸರುಗಳು ಒಟ್ಟಿಗೆ. ಪ್ರತಿ ಹೆಸರಿನ ಎದುರಿಗೆ ತಿಳಿ ಬೂದು ಬಣ್ಣದ ಪೂರ್ತಿ ಉದ್ದದ ಪಟ್ಟಿ. ಆ ಪಟ್ಟಿ ಅಂದರೆ ನೂರಕ್ಕೆ ನೂರು ಜನ. ಇಲ್ಲಿಗೆ ಸುಮಾರು ಎಂಟು ಸೆಕೆಂಡ್. ಅಂಕಿ ಇನ್ನೂ ಒಂದೂ ಬಂದಿಲ್ಲ. ಕೂತು ನೋಡುವ ಬೆಳೆಗಾರ ಅಷ್ಟರಲ್ಲಿ ತನ್ನ ಉತ್ತರ ಯಾವುದು ಅಂತ ಮನಸ್ಸಿನಲ್ಲೇ ಆರಿಸಿಕೊಂಡಿರುತ್ತಾನೆ. ಮುಂದೆ ಬರುವ ಅಂಕಿಯನ್ನು ಅವನು ಕಾಯುತ್ತಾನೆ. ಅದಕ್ಕೇ ಈ ಎಂಟು ಸೆಕೆಂಡನ್ನು ಕಡಿಮೆ ಮಾಡಲು ನಾನು ಒಪ್ಪುವುದಿಲ್ಲ.

ಆಮೇಲೆ ಮೊದಲ ಬಾರ್. ಇದು ಮಾತಿನ ಜೊತೆ ಸೇರುವ ಜಾಗ, ಕೆಲಸದ ತಿರುಳು ಇಲ್ಲೇ ಇದೆ. ಸ್ಕ್ರಿಪ್ಟ್ ಹೀಗೆ ಬರೆದಿರುತ್ತಾರೆ: "ನಲವತ್ತಾರು ಶೇಕಡಾ ಬೆಳೆಗಾರರು ಕೆಲಸಕ್ಕೆ ಜನ ಸಿಗುವುದಿಲ್ಲ ಎಂಬ ತೊಂದರೆಯನ್ನು ಎದುರಿಸುತ್ತಿದ್ದಾರೆ." ಅಂಕಿ ಮೊದಲೇ ಬಂದುಹೋಯಿತು. ಅದು ಯಾವುದರ ಅಂಕಿ ಅಂತ ಗೊತ್ತಾಗುವ ಹೊತ್ತಿಗೆ ಬಾರ್ ಬೆಳೆದು ನಿಂತಿರುತ್ತದೆ. ಇದನ್ನು ತಿರುಗಿಸಿ ಬರೆಯಬೇಕು: "ಕೆಲಸಕ್ಕೆ ಜನ ಸಿಗುವುದಿಲ್ಲ ಎಂದವರು, ನೂರಕ್ಕೆ ನಲವತ್ತಾರು." ನಾವು ಮಾತಾಡುವಾಗಲೂ ಒತ್ತು ಕೊಡಬೇಕಾದ್ದನ್ನು ಕೊನೆಗೆ ತಾನೇ ತರುವುದು? "ಎಂದವರು" ಅನ್ನುವವರೆಗೆ ಹೆಸರು ಗಾಢವಾಗುತ್ತದೆ, ಅಷ್ಟೆ. "ನೂರಕ್ಕೆ" ಅನ್ನುವಾಗ ಬಾರ್ ಹೊರಡುತ್ತದೆ. "ನಲವತ್ತಾರು" ಶುರುವಾಗುವ "ನ" ಕಿವಿಗೆ ಬಿದ್ದಾಗ ಬಾರ್ ತನ್ನ ಜಾಗಕ್ಕೆ ತಲುಪಿರಬೇಕು, 46 ಅಂತ ಅಂಕಿಯೂ ಕಾಣಬೇಕು. ಓದುವವರಿಗೆ ಕೊಡುವ ಪ್ರತಿಯಲ್ಲಿ ಒತ್ತು ಬೀಳುವ ಆ ಒಂದು ಪದಕ್ಕೆ ಮಾತ್ರ ಗೆರೆ ಎಳೆಯಿರಿ. ಸಾಲಿಗೆ ಒಂದೇ ಗೆರೆ. ಎರಡು ಎಳೆದರೆ ಎರಡೂ ಮಂಕಾಗುತ್ತವೆ.

ಆಫ್ಟರ್ ಎಫೆಕ್ಟ್ಸ್‌ನಲ್ಲಿ ಇದನ್ನು ಕೈಯಲ್ಲಿ ಕೀಫ್ರೇಮ್ ಇಟ್ಟು ಮಾಡಿದರೆ ವಾಯ್ಸ್ ಓವರ್ ಮತ್ತೆ ರೆಕಾರ್ಡ್ ಆದಾಗೆಲ್ಲ ಎಲ್ಲವನ್ನೂ ಸರಿಸಬೇಕಾಗುತ್ತದೆ. ಅದರ ಬದಲು ದನಿಯ ಅಲೆ ನೋಡಿಕೊಂಡು "ನ" ಶುರುವಾಗುವ ಕಡೆ ಕಾಂಪ್‌ಗೆ ಒಂದು ಮಾರ್ಕರ್ ಹಾಕಿ, ಅದಕ್ಕೆ `kelasa` ಅಂತ ಹೆಸರು ಕೊಡಿ. ಬಾರಿನ ಆಂಕರ್ ಪಾಯಿಂಟ್ ಎಡ ತುದಿಯಲ್ಲಿರಲಿ. ಅದರ ಸ್ಕೇಲ್‌ಗೆ ಈ ಎಕ್ಸ್‌ಪ್ರೆಶನ್ ಹಾಕಿ:

```
t = thisComp.marker.key("kelasa").time;
x = easeOut(time, t-0.6, t+0.2, 0, 46);
[x, value[1]]
```

ಬಾರನ್ನು ಬೂದು ಪಟ್ಟಿಯಷ್ಟೇ ಉದ್ದಕ್ಕೆ ಬರೆದಿದ್ದರೆ ಸ್ಕೇಲ್ 46 ಅಂದರೆ ನೂರಕ್ಕೆ 46. ಚಲನೆ ಮಾರ್ಕರ್ ದಾಟಿ 0.2 ಸೆಕೆಂಡ್ ಆದ ಮೇಲೆ ಮುಗಿಯುತ್ತದೆ, ಯಾಕೆಂದರೆ ಕೊನೆಗೆ ಬಾರ್ ತೀರಾ ನಿಧಾನವಾಗುತ್ತದೆ. ಕಡೆಯ ನಾಲ್ಕೈದು ಫ್ರೇಮಿನಲ್ಲಿ ಅದು ಅಲುಗುವುದು ಕಣ್ಣಿಗೆ ಕಾಣುವುದೇ ಇಲ್ಲ. ಕಣ್ಣಿನ ಲೆಕ್ಕದಲ್ಲಿ ಅದು ಆಗಲೇ ನಿಂತಾಗಿದೆ. ಕೊನೆಯ ಫ್ರೇಮನ್ನೇ ಪದಕ್ಕೆ ಜೋಡಿಸಿದರೆ ಬಾರ್ ಮೊದಲೇ ಬಂದು ಕಾದಂತೆ ಕಾಣುತ್ತದೆ. ದನಿ ಬದಲಾದರೆ ಮಾರ್ಕರ್ ಒಂದನ್ನು ಸರಿಸಿದರೆ ಸಾಕು.

ಬಾರ್ ಮುಂದೆ ಹೋಗಿ ಜಿಗಿದು ಹಿಂದೆ ಬರುವ ಬೌನ್ಸ್ ಬೇಡವೇ ಬೇಡ. 46ಕ್ಕೆ ನಿಲ್ಲಬೇಕಾದ್ದು 52ರ ತನಕ ಹೋಗಿ ಬಂದರೆ ಅಷ್ಟು ಹೊತ್ತು ತೆರೆಯ ಮೇಲಿರುವುದು ಸುಳ್ಳು ಅಂಕಿ. ಒಂದರಿಂದ ಎಣಿಸುತ್ತಾ ಓಡುವ ಕೌಂಟರ್ ಕೂಡ ಹಾಗೇ. ದನಿ ಒಂದು ಸಂಖ್ಯೆ ಹೇಳುತ್ತಿರುತ್ತದೆ, ಕಣ್ಣು ಬೇರೆ ಇನ್ನೇನನ್ನೋ ಓದುತ್ತಿರುತ್ತದೆ.

ಅಂಕಿ ಬಂದ ಮೇಲೆ ಒಂದು ಸೆಕೆಂಡ್ ಏನೂ ಅಲುಗಬಾರದು, ದನಿಯೂ ಇರಬಾರದು. ಎಡಿಟ್ ಮಾಡುವಾಗ ಈ ಬಿಡುವು ವ್ಯರ್ಥ ಅನಿಸಿ ಕತ್ತರಿ ಹಾಕುವ ಆಸೆಯಾಗುತ್ತದೆ. ಬಿಡಿ, ಇರಲಿ.

ಇನ್ನು ಮಳೆ 21, ಆನೆ 18. ಇಲ್ಲಿ ಸ್ವಲ್ಪ ನಿಲ್ಲಬೇಕು. 400 ಜನರನ್ನು ಯಾವ ಆಯ್ಕೆಯೂ ಇಲ್ಲದೆ ಚೀಟಿ ಎತ್ತಿದ ಹಾಗೆ ಆರಿಸಿದ್ದರೂ, ಇಂಥ ಎರಡು ಉತ್ತರಗಳ ನಡುವೆ ನೂರಕ್ಕೆ ಆರರಷ್ಟು ಅಂತರ ಇದ್ದರೆ ಮಾತ್ರ ಒಂದು ಇನ್ನೊಂದಕ್ಕಿಂತ ಜಾಸ್ತಿ ಅಂತ ಧೈರ್ಯವಾಗಿ ಹೇಳಬಹುದು. ಇಲ್ಲಿರುವ ಅಂತರ ಮೂರು. ಮತ್ತೆ 400 ಜನರನ್ನು ಕೇಳಿದರೆ ಆನೆಯೇ ಮುಂದೆ ಬರಬಹುದು. ಮಳೆಯ ಬಾರ್ ಮೊದಲು ಬೆಳೆದು, ಆನೆಯದು ಆಮೇಲೆ ಅದಕ್ಕಿಂತ ಕಡಿಮೆಗೆ ನಿಂತರೆ, ಬಾಯಲ್ಲಿ ಹೇಳದಿದ್ದರೂ ಚಲನೆಯೇ ಗೆದ್ದವರು ಸೋತವರನ್ನು ತೋರಿಸಿಬಿಡುತ್ತದೆ. ಅದಕ್ಕೆ ಎರಡನ್ನೂ ಒಂದೇ ಮಾರ್ಕರ್‌ಗೆ ಕಟ್ಟಿ, ಒಂದೇ ಬಣ್ಣದಲ್ಲಿ ಒಟ್ಟಿಗೆ ಬೆಳೆಸುತ್ತೇನೆ. ದನಿ ಹೇಳುವುದು: "ಮಳೆ ಎಂದವರು, ಆನೆ ಎಂದವರು, ಹೆಚ್ಚು ಕಡಿಮೆ ಸಮ. ಐವರಲ್ಲಿ ಒಬ್ಬರು." ಒತ್ತು "ಸಮ" ಅನ್ನುವುದಕ್ಕೆ. 21, 18 ತೆರೆಯ ಮೇಲೆ ಇರುತ್ತವೆ, ಓದಬೇಕಾದವರು ಓದಿಕೊಳ್ಳುತ್ತಾರೆ.

ಬೆಲೆಯ ಬಾರ್ ಬೇಗ ಮುಗಿಯಲಿ. "ಗೊತ್ತಿಲ್ಲ" ಎಂದವರದು ಯಾವಾಗಲೂ ಕೊನೆಗೆ, ಬೂದು ಬಣ್ಣದಲ್ಲಿ. ಅದು ನಾಲ್ಕರ ಬದಲು ಮೂವತ್ತು ಬಂದಿದ್ದರೂ ಜಾಗ ಅಲ್ಲೇ, ಆದರೆ ಆಗ ದನಿಯಲ್ಲಿ ಅದಕ್ಕೆ ಒಂದು ಸಾಲು ಕೊಡಲೇಬೇಕು.

ಈ ಹಂತಕ್ಕೆ ಬಂದಾಗ ಬಹಳ ಜನ ಕೇಳುವುದು ಕೊಡಗಿನ ನಕ್ಷೆ. ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ, ಕುಶಾಲನಗರ, ಪೊನ್ನಂಪೇಟೆ ಒಂದೊಂದಾಗಿ ಬೆಳಗಬೇಕು ಅಂತ. ನೋಡಲು ಚೆಂದವೇ. ಆದರೆ 400 ಜನರನ್ನು ಐದು ತಾಲ್ಲೂಕಿಗೆ ಹಂಚಿದರೆ ತಾಲ್ಲೂಕಿಗೆ 80. ಅಷ್ಟು ಜನರಿಂದ ಬಂದ ಅಂಕಿ ನೂರಕ್ಕೆ ಹನ್ನೊಂದರಷ್ಟು ಮೇಲೆ ಕೆಳಗೆ ಆಗಬಹುದು. ವಿರಾಜಪೇಟೆ 50, ಸೋಮವಾರಪೇಟೆ 42 ಅಂತ ಬಣ್ಣ ಬದಲಿಸಿ ತೋರಿಸಿದರೆ ಇಲ್ಲದ ವ್ಯತ್ಯಾಸವನ್ನು ನಾವೇ ಹುಟ್ಟಿಸಿದ ಹಾಗೆ. ನಕ್ಷೆ ಬೇಕೇ ಬೇಕು ಅಂದರೆ ಶುರುವಿನಲ್ಲಿ, ಯಾವ ಯಾವ ತಾಲ್ಲೂಕಿನಲ್ಲಿ ಜನರನ್ನು ಮಾತಾಡಿಸಿದ್ದು ಅಂತ ಒಂದೇ ಬಣ್ಣದಲ್ಲಿ ತೋರಿಸುತ್ತೇನೆ.

ಕೈಗೆ ಕೊಡುವ ಮುಂಚೆ ವಿಡಿಯೊವನ್ನು ಎರಡು ಸಲ ಓಡಿಸಿ. ಒಮ್ಮೆ ದನಿ ಬಂದ್ ಮಾಡಿ, ಸರ್ವೆಯ ವಿಷಯ ಗೊತ್ತಿಲ್ಲದವರಿಗೆ ತೋರಿಸಿ. ಕೆಲಸದ ಜನರ ತೊಂದರೆ ದೊಡ್ಡದು, ಮಳೆ ಮತ್ತು ಆನೆ ಸರಿಸುಮಾರು ಒಂದೇ ಅಂತ ಅವರೇ ಹೇಳಬೇಕು. ಇನ್ನೊಮ್ಮೆ ತೆರೆ ಮುಚ್ಚಿ, ದನಿ ಮಾತ್ರ ಕೇಳಿಸಿ. ಅವರು ಬೇರೆ ಉತ್ತರ ಕೊಟ್ಟರೆ, ಒತ್ತು ಬೀಳಬೇಕಾದ ಪದ ಬಿಟ್ಟು ಬೇರೆಲ್ಲೋ ಬಿದ್ದಿದೆ. ಬಾರ್ ಮುಟ್ಟಬೇಡಿ, ಆ ಸಾಲನ್ನು ಮತ್ತೆ ಓದಿಸಿ.