ವೆಲ್ಡ್ ಗಟ್ಟಿಯಾಗಿತ್ತು, ಪಕ್ಕದ ಶಾಫ್ಟ್ ಸೀಳಿತ್ತು

ಮಳೆಗಾಲದ ಒಂದು ಮುಂಜಾನೆ ರಾಣೆಬೆನ್ನೂರು ಕಡೆಯ ರೈತರೊಬ್ಬರು ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿರುವ ನಮ್ಮ ಶೆಡ್‌ಗೆ ಒಂದು ಶಾಫ್ಟ್ ತಂದರು. ಮೆಕ್ಕೆಜೋಳ ಒಕ್ಕುವ ಮಷಿನ್‌ನದು, 70 ಮಿ.ಮೀ. ದಪ್ಪ. ಅದಕ್ಕೆ 16 ಮಿ.ಮೀ. ಪ್ಲೇಟಿನ ಫ್ಲ್ಯಾಂಜ್ ಒಂದನ್ನು ಬೇರೆ ಕಡೆ ವೆಲ್ಡ್ ಮಾಡಿಸಿದ್ದರು. "ನಿನ್ನೆ ಸಂಜೀಕ ಛಲೋ ಇತ್ರೀ ಸರ್, ಮುಂಜಾನೆ ನೋಡಿದ್ರ ಸೀಳೇತಿ" ಅಂದರು.

ನೋಡಿದರೆ ವೆಲ್ಡ್ ಚೆನ್ನಾಗಿಯೇ ಇತ್ತು. ಅದರ ಮೇಲೆ ಎಲ್ಲೂ ಬಿರುಕಿಲ್ಲ. ಬಿರುಕು ಇದ್ದದ್ದು ವೆಲ್ಡ್ ಮುಗಿದು ಶಾಫ್ಟ್ ಶುರುವಾಗುವ ಅಂಚಿನಲ್ಲಿ. ಕೂದಲೆಳೆಯಂತೆ ಹೊರಟು ಶಾಫ್ಟಿನ ಅರ್ಧ ಸುತ್ತು ಬಂದಿತ್ತು. ಫ್ಲ್ಯಾಂಜ್ ಕಡೆಯ ಅಂಚಿಗೆ ಏನೂ ಆಗಿರಲಿಲ್ಲ. ಇಂಥ ಕೆಲಸ ಬಂದಾಗ "ರಾಡು ಸರಿ ಇಲ್ಲ, ಇನ್ನೊಂದು ಸುತ್ತು ಹೊಡೀರಿ" ಅನ್ನುವವರೇ ಜಾಸ್ತಿ. ಇನ್ನೊಂದು ಸುತ್ತು ಹೊಡೆದರೆ ಬಿರುಕು ಒಳಗೆ ಮುಚ್ಚಿಹೋಗುತ್ತದೆ, ಅಷ್ಟೇ.

ಶಾಫ್ಟ್ ಕಡೆಯೇ ಯಾಕೆ ಸೀಳಿತು? ಫ್ಲ್ಯಾಂಜ್ ಸಾದಾ ಎಂ.ಎಸ್., ಅಂದರೆ ಮೈಲ್ಡ್ ಸ್ಟೀಲ್ ಪ್ಲೇಟು, ಶಾಫ್ಟ್ ಇಎನ್ 8 ದರ್ಜೆಯ ಉಕ್ಕು. ಎರಡೂ ನೋಡಲು ಒಂದೇ. ಆದರೆ ಎಂ.ಎಸ್.ನಲ್ಲಿ ಕಾರ್ಬನ್ ಸುಮಾರು ಶೇ 0.2 ಇದ್ದರೆ, ಇಎನ್ 8ರಲ್ಲಿ ಶೇ 0.4ರ ಆಸುಪಾಸು. ಗ್ರೈಂಡರ್ ಹಿಡಿದರೆ ಕಿಡಿಯಲ್ಲೇ ಫರಕು ಕಾಣುತ್ತದೆ. ಎಂ.ಎಸ್. ಕಿಡಿ ಉದ್ದ ಗೆರೆಗಳಾಗಿ ಹೋಗುತ್ತದೆ. ಇಎನ್ 8ರ ಕಿಡಿ ತುದಿಯಲ್ಲಿ ಹೂವಿನಂತೆ ಹೆಚ್ಚು ಒಡೆಯುತ್ತದೆ. ವೆಲ್ಡರ್‌ಗಳು ಒಂದು ಸರಳ ಲೆಕ್ಕ ಇಟ್ಟುಕೊಳ್ಳಬಹುದು. ಮ್ಯಾಂಗನೀಸ್ ಎಷ್ಟಿದೆಯೋ ಅದರ ಆರನೇ ಒಂದು ಪಾಲನ್ನು ಕಾರ್ಬನ್‌ಗೆ ಕೂಡಿಸಿ. ಕಾರ್ಬನ್ 0.40, ಮ್ಯಾಂಗನೀಸ್ 0.75 ಇದ್ದರೆ 0.525 ಬರುತ್ತದೆ. ಕ್ರೋಮಿಯಂ, ನಿಕ್ಕಲ್ ಇದ್ದರೆ ಇನ್ನೂ ಏರುತ್ತದೆ. ಇದು 0.45 ದಾಟಿತೆಂದರೆ ನಾನು ತಣ್ಣಗಿರುವ ಜಾಬಿಗೆ ರಾಡು ಮುಟ್ಟಿಸುವುದಿಲ್ಲ.

ವೆಲ್ಡ್ ಹೊಡೆಯುವಾಗ ಕರಗಿದ ಲೋಹದ ಪಕ್ಕದಲ್ಲಿ ಒಂದು ಸಣ್ಣ ಪಟ್ಟಿ ಕರಗುವುದಿಲ್ಲ, ಆದರೆ ಕೆಂಪಗೆ ಕಾಯುತ್ತದೆ. ಕೆಲವೇ ಮಿ.ಮೀ. ಅಗಲ. ಅದಕ್ಕೇ ಹೀಟ್ ಅಫೆಕ್ಟೆಡ್ ಝೋನ್ ಅನ್ನುವುದು. ಆರ್ಕ್ ಮುಂದೆ ಹೋದ ಕೂಡಲೇ ಸುತ್ತಲಿನ ದಪ್ಪ ತಣ್ಣನೆಯ ಉಕ್ಕು ಅದರ ಬಿಸಿಯನ್ನು ಎಳೆದುಕೊಳ್ಳುತ್ತದೆ. ಕಮ್ಮಾರ ಕೆಂಪಗಾದ ಕುಡವನ್ನು ನೀರಿಗೆ ಅದ್ದಿದಂತೆಯೇ ಇದು, ನೀರು ಮಾತ್ರ ಇಲ್ಲ. ಕಾರ್ಬನ್ ಜಾಸ್ತಿ ಇರುವ ಉಕ್ಕು ಹೀಗೆ ತಟ್ಟನೆ ಆರಿದರೆ ಮಾರ್ಟೆನ್ಸೈಟ್ ಆಗುತ್ತದೆ. ಗಾಜಿನ ಹಾಗೆ ಗಡಸು, ಬಾಗುವ ಗುಣ ಕಡಿಮೆ. ಅವತ್ತು ಶಾಫ್ಟಿನ ಅಂಚಿಗೆ ಅರ (ಫೈಲ್) ಹಾಕಿದೆ. ವೆಲ್ಡ್ ಮೇಲೆ ಕಚ್ಚಿತು, ಶಾಫ್ಟಿನ ಮೇಲೂ ಕಚ್ಚಿತು, ನಡುವಿನ ಆ ಪಟ್ಟಿಯಲ್ಲಿ ಜಾರಿತು.

ಗಡಸುತನ ಒಂದರಿಂದಲೇ ಇದು ಸೀಳುವುದಿಲ್ಲ. ಹಾಗಿದ್ದರೆ ಸಂಜೆಯೇ ಸೀಳಬೇಕಿತ್ತು, ಅಲ್ವಾ? ರಾತ್ರಿಯಿಡೀ ಕೆಲಸ ಮಾಡಿದ್ದು ಹೈಡ್ರೋಜನ್. ರಾಡಿನ ಲೇಪನದಲ್ಲಿರುವ ತೇವ, ಶಾಫ್ಟಿನ ತುಕ್ಕು, ಗ್ರೀಸು, ಬಣ್ಣ, ಇವೆಲ್ಲ ಆರ್ಕಿನ ಬಿಸಿಗೆ ಒಡೆದು ಹೈಡ್ರೋಜನ್ ಕೊಡುತ್ತವೆ. ಕರಗಿದ ಲೋಹ ಅದನ್ನು ಕುಡಿದುಬಿಡುತ್ತದೆ. ಆರುವಾಗ ಕಾರ್ಬನ್ ಕಡಿಮೆ ಇರುವ ವೆಲ್ಡ್ ಲೋಹ ಮೊದಲು ತನ್ನ ಒಳರಚನೆ ಬದಲಿಸುತ್ತದೆ. ಬದಲಾದ ಮೇಲೆ ಅಷ್ಟು ಹೈಡ್ರೋಜನ್ ಹಿಡಿದಿಡಲು ಅದಕ್ಕೆ ಆಗುವುದಿಲ್ಲ, ಹೊರಗೆ ತಳ್ಳುತ್ತದೆ. ಪಕ್ಕದ ಪಟ್ಟಿ ಇನ್ನೂ ಹಳೆಯ ರಚನೆಯಲ್ಲೇ ಇರುತ್ತದೆ, ಅಲ್ಲಿ ಜಾಗ ಇರುತ್ತದೆ. ಹೈಡ್ರೋಜನ್ ಅಲ್ಲಿಗೆ ಸರಿಯುತ್ತದೆ. ಆಮೇಲೆ ಆ ಪಟ್ಟಿ ಗಡಸಾಗುತ್ತದೆ, ಹೈಡ್ರೋಜನ್ ಅಲ್ಲೇ ಸಿಕ್ಕಿಬೀಳುತ್ತದೆ. ವೆಲ್ಡ್ ಆರುತ್ತ ಕುಗ್ಗಿ ಎಳೆಯುತ್ತಿರುತ್ತದೆ. ಎಳೆತ ಹೆಚ್ಚಿರುವ ಕಡೆ ಹೈಡ್ರೋಜನ್ ನಿಧಾನವಾಗಿ ಸೇರಿಕೊಳ್ಳುತ್ತದೆ. ಒಂದು ರಾತ್ರಿ, ಕೆಲವೊಮ್ಮೆ ಎರಡು ದಿನ ಕಳೆದ ಮೇಲೆ ಬಿರುಕು ಬಾಯಿ ಬಿಡುತ್ತದೆ.

ವೆಲ್ಡ್‌ಗೆ ಮೊದಲೇ ಜಾಬನ್ನು ಕಾಯಿಸಿದರೆ, ಅಂದರೆ ಪ್ರೀಹೀಟ್ ಮಾಡಿದರೆ ಏನಾಗುತ್ತದೆ? ಗಡಸುತನ ಪೂರ್ತಿ ಹೋಗುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಅದು ಅರ್ಧ ನಿಜ. ದಪ್ಪ ಜಾಬಿಗೆ ಇರುವ ಸೂತ್ರದ ಪ್ರಕಾರ, 30 ಡಿಗ್ರಿಯಲ್ಲಿ ವೆಲ್ಡ್ ಮಾಡುವುದರ ಬದಲು 200 ಡಿಗ್ರಿಯಲ್ಲಿ ಮಾಡಿದರೆ ಗಡಸುತನ ನಿರ್ಧಾರವಾಗುವ ಹಂತದಲ್ಲಿ, ಅಂದರೆ 800ರಿಂದ 500 ಡಿಗ್ರಿಗೆ ಇಳಿಯಲು, ಎರಡು ಪಟ್ಟು ಸಮಯ ಸಿಗುತ್ತದೆ. 250ರಲ್ಲಿ ಸುಮಾರು ಎರಡೂವರೆ ಪಟ್ಟು. ಇಎನ್ 8ಕ್ಕೆ ಅಷ್ಟು ಸಾಲದು, ಸ್ವಲ್ಪ ಮಾರ್ಟೆನ್ಸೈಟ್ ಆಗಿಯೇ ಆಗುತ್ತದೆ. ದೊಡ್ಡ ಲಾಭ ಇರುವುದು ಕೆಳಗಿನ ಬಿಸಿಯಲ್ಲಿ. ಜಾಬು ಬಿಸಿಯಾಗಿರುವಷ್ಟು ಹೊತ್ತೂ ಹೈಡ್ರೋಜನ್ ಚುರುಕಾಗಿ ಓಡಾಡಿ ಹೊರಗೆ ಹೋಗುತ್ತಿರುತ್ತದೆ. ಅದು ಉಕ್ಕನ್ನು ಸೀಳುವುದು ಹೆಚ್ಚಾಗಿ 150-200 ಡಿಗ್ರಿಗಿಂತ ಕೆಳಗೆ. ಜಾಬು ಅಲ್ಲಿಗೆ ಇಳಿಯುವ ಮೊದಲೇ ಹೈಡ್ರೋಜನ್ ಖಾಲಿಯಾಗಬೇಕು. ಪ್ರೀಹೀಟ್ ಕೊಡುವುದು ಆ ಸಮಯವನ್ನು.

ಆ ಶಾಫ್ಟಿಗೆ ನಾವು ಮಾಡಿದ್ದು ಇಷ್ಟು. ಮೊದಲು ಗ್ರೈಂಡರ್‌ನಿಂದ ಹಳೆಯ ವೆಲ್ಡನ್ನೂ ಬಿರುಕನ್ನೂ ಪೂರ್ತಿ ತೆಗೆದೆವು. ಕೆಂಪು ಡೈ ಹಚ್ಚಿ, ಒರೆಸಿ, ಬಿಳಿ ಡೆವಲಪರ್ ಹೊಡೆದು ನೋಡಿದೆವು. ಇನ್ನೂ ಒಂದು ಕೆಂಪು ಗೆರೆ ಕಂಡಿತು. ಮತ್ತೆ ಉಜ್ಜಿದೆವು. ರಾಡು ಹೈಡ್ರೋಜನ್ ಕಡಿಮೆ ಕೊಡುವ 7018, ಓವನ್‌ನಲ್ಲಿ 350 ಡಿಗ್ರಿಗೆ ಒಂದು ಗಂಟೆ ಸುಟ್ಟು, ಬಿಸಿ ಡಬ್ಬಿಯಲ್ಲಿಟ್ಟು ಒಂದೊಂದೇ ತೆಗೆದೆವು. ಹಿಂದಿನವರು ಬಳಸಿದ್ದು 6013. ಅದನ್ನು ಎಷ್ಟು ಒಣಗಿಸಿದರೂ ಈ ಕೆಲಸಕ್ಕೆ ಬರುವುದಿಲ್ಲ. ಅದರ ಲೇಪನದಲ್ಲೇ ಹೈಡ್ರೋಜನ್ ಕೊಡುವ ವಸ್ತು ಇರುತ್ತದೆ.

ಆಮೇಲೆ ಎಲ್‌ಪಿಜಿ ಬರ್ನರ್ ಹಚ್ಚಿ, ಶಾಫ್ಟನ್ನು ತಿರುಗಿಸುತ್ತ ಮುಕ್ಕಾಲು ಗಂಟೆ ಕಾಯಿಸಿದೆವು. ಇಲ್ಲಿ ಅವಸರ ಮಾಡಬಾರದು. ಎಷ್ಟೋ ವರ್ಷದ ಹಿಂದೆ ನಾನು ಗ್ಯಾಸ್ ಕಟರ್ ಹಿಡಿದು ಎರಡು ನಿಮಿಷ ಆಡಿಸಿ, ಮೇಲೆ ಹಾಕಿದ ನೀರಹನಿ ಚುರ್ ಅಂದದ್ದಕ್ಕೆ ಸಾಕೆಂದು ತಿಳಿದಿದ್ದೆ. ನೀರು ಚುರ್ ಅನ್ನಲು 100 ಡಿಗ್ರಿಗಿಂತ ಸ್ವಲ್ಪ ಜಾಸ್ತಿ ಇದ್ದರೆ ಸಾಕು. ಅದೂ ಮೇಲ್ಮೈಯಲ್ಲಿ ಮಾತ್ರ. ಒಳಗೆಲ್ಲ ತಣ್ಣಗಿತ್ತು, ಆ ಜಾಬು ಮೂರನೇ ದಿನ ವಾಪಸ್ ಬಂತು. ಈಗ ಬೆಂಕಿ ತೆಗೆದು ಒಂದೆರಡು ನಿಮಿಷ ಬಿಟ್ಟು, ಜೋಡಣೆಯಿಂದ 75 ಮಿ.ಮೀ. ದೂರದಲ್ಲಿ 250 ಡಿಗ್ರಿಯ ಟೆಂಪರೇಚರ್ ಚಾಕ್ ಎಳೆಯುತ್ತೇವೆ. ಗೆರೆ ಕರಗಿದರೆ ಮಾತ್ರ ರಾಡು ಹಿಡಿಯುವುದು. ಇನ್‌ಫ್ರಾರೆಡ್ ಗನ್ ಹೊಳೆಯುವ ಶಾಫ್ಟಿನ ಮೇಲೆ ಕಡಿಮೆ ತೋರಿಸುತ್ತದೆ, ಅದನ್ನು ನಾನು ನಂಬುವುದಿಲ್ಲ.

ಎದುರುಬದುರಾಗಿ ಕಾಲುಕಾಲು ಸುತ್ತು ವೆಲ್ಡ್ ಮಾಡಿದೆವು. ನಡುವೆ ಊಟಕ್ಕೆ ಹೋಗಲಿಲ್ಲ, ಯಾಕೆಂದರೆ ಬಿಸಿ 250ಕ್ಕಿಂತ ಕೆಳಗೆ ಇಳಿಯಬಾರದು. ಮುಗಿದ ಮೇಲೆ ಅದೇ ಬಿಸಿಯಲ್ಲಿ ಇನ್ನೂ ಎರಡು ಗಂಟೆ ಇಟ್ಟು, ಸೆರಾಮಿಕ್ ಉಣ್ಣೆಯ ಹೊದಿಕೆ ಸುತ್ತಿ ರಾತ್ರಿಯಿಡೀ ಬಿಟ್ಟೆವು. ರೈತರಿಗೆ ಅವಸರ ಇತ್ತು, "ಮುಂಜಾನೆ ಒಯ್ತೀನ್ರಿ" ಅಂದರು. ಬೇಡ ಅಂದೆ. 48 ಗಂಟೆ ಆದ ಮೇಲೆ ಡೈ ಹಾಕಿದೆವು. ಗೆರೆ ಬರಲಿಲ್ಲ.

ವೆಲ್ಡರ್ ಮಿತ್ರರಿಗೆ ಇನ್ನೊಂದು ಮಾತು ಹೇಳಬೇಕು. ಫ್ಲ್ಯಾಂಜನ್ನು ಜಾಗದಲ್ಲಿ ಹಿಡಿದಿಡಲು ಮೊದಲು ಹೊಡೆಯುವ ಚಿಕ್ಕ ವೆಲ್ಡ್, ಅಂದರೆ ಟ್ಯಾಕ್ ಕೂಡ ಬಿಸಿ ಜಾಬಿನ ಮೇಲೆಯೇ ಆಗಬೇಕು. "ಸುಮ್ನೆ ಒಂದು ಟ್ಯಾಕ್ ತಾನೆ" ಅಂತ ತಣ್ಣನೆಯ ಶಾಫ್ಟಿಗೆ ಹೊಡೆಯುತ್ತಾರೆ. ಟ್ಯಾಕ್ ಚಿಕ್ಕದಾದಷ್ಟೂ ಅದರಲ್ಲಿ ಬಿಸಿ ಕಡಿಮೆ, ಅದು ಎಲ್ಲಕ್ಕಿಂತ ಬೇಗ ಆರುತ್ತದೆ, ಎಲ್ಲಕ್ಕಿಂತ ಗಡಸಾಗುತ್ತದೆ. ರೈತರು ತಂದ ಶಾಫ್ಟಿನಲ್ಲಿ ಹಳೆಯ ವೆಲ್ಡನ್ನು ಉಜ್ಜುತ್ತ ಹೋದಾಗ ಬಿರುಕು ಎಲ್ಲಕ್ಕಿಂತ ಆಳವಾಗಿ ಸಿಕ್ಕಿದ್ದು ಅಂಥ ಒಂದು ಟ್ಯಾಕ್‌ನ ಕೆಳಗೆ.