ರೀಡಿಂಗ್, ಯೂನಿಟ್, ದಿನದ ಯೂನಿಟ್

"ಈ ತಿಂಗಳು ಕರೆಂಟ್ ಎಷ್ಟಾಯ್ತು?" ಅಂತ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ಕೇಳಿ ನೋಡಿ. ಎಲೆಕ್ಟ್ರಿಷಿಯನ್ ಮೀಟರ್ ಪುಸ್ತಕ ನೋಡಿ 806 ಅನ್ನುತ್ತಾನೆ. ಅಕೌಂಟ್ಸ್‌ನವರು ಬಿಲ್ ನೋಡಿ 16,120 ಅನ್ನುತ್ತಾರೆ. ಓನರ್ ಬಾಯಲ್ಲಿ ಬರುವುದು 1,27,840 ರೂಪಾಯಿ. ಮೂವರದ್ದೂ ಸರಿ. ಆದರೆ ಎಲ್ಲೋ ಕರೆಂಟ್ ಸುಮ್ನೆ ಹೋಗ್ತಿದೆಯಾ ಅನ್ನುವುದು ಈ ಮೂರರಲ್ಲಿ ಯಾವುದರಿಂದಲೂ ಗೊತ್ತಾಗುವುದಿಲ್ಲ. ಅದಕ್ಕೆ ಇನ್ನೊಂದು ಸಂಖ್ಯೆ ಬೇಕು. ಅದೇ ದಿನದ ಯೂನಿಟ್.

ಮೊದಲು 806 ಹೇಗೆ 16,120 ಆಯಿತು ನೋಡೋಣ. ಮನೆಯ ಮೀಟರಿನಲ್ಲಿ ಈ ತಿಂಗಳ ರೀಡಿಂಗಿನಿಂದ ಹೋದ ತಿಂಗಳದ್ದನ್ನು ಕಳೆದರೆ ಯೂನಿಟ್ ಸಿಕ್ಕಿಬಿಡುತ್ತದೆ. ಫ್ಯಾಕ್ಟರಿಯಲ್ಲಿ ಹಾಗಲ್ಲ. ಅಷ್ಟು ದೊಡ್ಡ ಕರೆಂಟನ್ನು ನೇರವಾಗಿ ಮೀಟರಿಗೆ ಕೊಡಲು ಆಗುವುದಿಲ್ಲ. ನಡುವೆ ಸಿಟಿ, ಅಂದರೆ ಕರೆಂಟ್ ಟ್ರಾನ್ಸ್‌ಫಾರ್ಮರ್ ಇರುತ್ತದೆ. 100/5 ಸಿಟಿ ಅಂದರೆ ಲೈನಿನಲ್ಲಿ 100 ಆಂಪ್ ಹರಿದಾಗ ಮೀಟರಿಗೆ ಹೋಗುವುದು 5 ಆಂಪ್. ಮೀಟರ್ ಕಾಣುವುದು ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ. ಹಾಗಾಗಿ ವ್ಯತ್ಯಾಸವನ್ನು 20ರಿಂದ ಗುಣಿಸಬೇಕು. ಈ 20ಕ್ಕೆ ಮಲ್ಟಿಪ್ಲೈಯಿಂಗ್ ಕಾನ್‌ಸ್ಟಂಟ್ ಅಂತ ಹೆಸರು, ಬಾಯಿಮಾತಿನಲ್ಲಿ ಎಂಸಿ. 11 ಕೆವಿ ಎಚ್‌ಟಿ ಕನೆಕ್ಷನ್ ಆದರೆ ವೋಲ್ಟೇಜ್ ಇಳಿಸುವ ಪಿಟಿಯ ಅನುಪಾತವೂ ಸೇರಿ ಎಂಸಿ ಇನ್ನೂ ದೊಡ್ಡದಾಗಬಹುದು. ಮೀಟರ್ ಒಳಗೇ ಅನುಪಾತ ಸೆಟ್ ಮಾಡಿರುವುದೂ ಉಂಟು. ಆದ್ದರಿಂದ ಎಂಸಿಯನ್ನು ಊಹಿಸಬೇಡಿ, ಬಿಲ್‌ನಲ್ಲಿ ಇರುವುದನ್ನೇ ತಗೊಳ್ಳಿ.

ಈಗ ಒಂದು ಪ್ರೆಸ್ ಶಾಪಿನ ಲೆಕ್ಕ ಹಿಡಿಯೋಣ. ಎಂಸಿ 20. ಜನವರಿ 1ಕ್ಕೆ ರೀಡಿಂಗ್ 48210, ಫೆಬ್ರವರಿ 1ಕ್ಕೆ 48990, ಮಾರ್ಚ್ 1ಕ್ಕೆ 49680, ಏಪ್ರಿಲ್ 3ಕ್ಕೆ 50505, ಮೇ 1ಕ್ಕೆ 51311. ಕಳೆದು ಗುಣಿಸಿದರೆ ನಾಲ್ಕು ಬಿಲ್‌ಗಳಿಗೆ ಕ್ರಮವಾಗಿ 15,600, 13,800, 16,500 ಮತ್ತು 16,120 ಯೂನಿಟ್. ಇಷ್ಟನ್ನೇ ನೋಡಿದವರು ಫೆಬ್ರವರಿಯಲ್ಲಿ ಉಳಿತಾಯ ಆಯ್ತು, ಮಾರ್ಚಿನಲ್ಲಿ ಜಾಸ್ತಿ ಆಯ್ತು, ಏಪ್ರಿಲ್‌ನಲ್ಲಿ ಸ್ವಲ್ಪ ಇಳೀತು ಅನ್ನುತ್ತಾರೆ. ಮೂರೂ ತಪ್ಪು.

ಯಾಕೆಂದರೆ ಮಾರ್ಚಿನ ಬಿಲ್‌ನಲ್ಲಿ ಇರುವುದು 33 ದಿನ. ರೀಡಿಂಗ್ ತಗೊಳ್ಳುವವರು ಎರಡು ದಿನ ತಡವಾಗಿ ಬಂದಿದ್ದರು. ಏಪ್ರಿಲ್‌ನದ್ದು ಬರೀ 28 ದಿನದ ಬಿಲ್. ದಿನಗಳಿಂದ ಭಾಗಿಸಿ ನೋಡಿ: 503, 493, 500, 576. ಮೊದಲ ಮೂರು ತಿಂಗಳು ಹೆಚ್ಚುಕಮ್ಮಿ ಒಂದೇ. ನಾಲ್ಕನೆಯದು ಅವುಗಳ ಸರಾಸರಿಗಿಂತ ಶೇಕಡಾ 15ರಷ್ಟು ಮೇಲೆ. ಬಿಲ್ ಇಳಿದಿದೆ, ಬಳಕೆ ಏರಿದೆ!

ಎಕ್ಸೆಲ್‌ನಲ್ಲಿ ಇದಕ್ಕೆ ಮೂರು ಸೂತ್ರ ಸಾಕು. A ಕಾಲಂನಲ್ಲಿ ರೀಡಿಂಗ್ ತಗೊಂಡ ದಿನಾಂಕ, Bಯಲ್ಲಿ ರೀಡಿಂಗ್, Cಯಲ್ಲಿ ಯೂನಿಟ್, Dಯಲ್ಲಿ ದಿನದ ಯೂನಿಟ್, Eಯಲ್ಲಿ ಎಚ್ಚರಿಕೆಯ ಗುರುತು. ಜನವರಿ 1 ಎರಡನೇ ಸಾಲಿನಲ್ಲಿದೆ ಅಂದುಕೊಳ್ಳಿ. C3, D3 ಸೂತ್ರಗಳನ್ನು ಆರನೇ ಸಾಲಿನವರೆಗೆ ಕೆಳಗೆ ಎಳೆಯಿರಿ.

```
C3: =(B3-B2)*20
D3: =C3/(A3-A2)
E6: =IF(ABS(D6/AVERAGE(D3:D5)-1)>0.1,"ನೋಡಿ","")
```

ದಿನಾಂಕವನ್ನು 03.04.2025 ಅಂತ ಚುಕ್ಕಿ ಇಟ್ಟು ಟೈಪ್ ಮಾಡಿದರೆ ಎಷ್ಟೋ ಕಂಪ್ಯೂಟರುಗಳಲ್ಲಿ ಎಕ್ಸೆಲ್ ಅದನ್ನು ಬರೀ ಅಕ್ಷರ ಅಂತ ತಿಳಿಯುತ್ತದೆ. ಆಗ D ಕಾಲಂನಲ್ಲಿ `#VALUE!` ಬಂದು ಕೂರುತ್ತದೆ. C ಕಾಲಂನಲ್ಲಿ ಮೈನಸ್ ಬಂದರೆ ಮೀಟರ್ ಬದಲಾಗಿರಬೇಕು, ಇಲ್ಲವೇ ಅಂಕಿ ತುಂಬಿ ಸೊನ್ನೆಯಿಂದ ಮತ್ತೆ ಶುರುವಾಗಿರಬೇಕು. ಎರಡೂ ಅಲ್ಲದಿದ್ದರೆ ಯಾರೋ ರೀಡಿಂಗ್ ತಪ್ಪು ಬರೆದಿದ್ದಾರೆ.

ಸೂತ್ರದ 0.1, ಅಂದರೆ ಶೇಕಡಾ 10 ಅನ್ನುವುದು ಶಾಸ್ತ್ರವೇನಲ್ಲ. ಈ ಶಾಪಿನಲ್ಲಿ ಮಾಮೂಲಿ ಏರಿಳಿತ ಶೇಕಡಾ 1ರಷ್ಟೇ ಇರುವುದರಿಂದ 10 ಸಾಕಷ್ಟು ಸಡಿಲ. ಒಂದು ತಿಂಗಳು ಎರಡು ಪಾಳಿ, ಮುಂದಿನ ತಿಂಗಳು ಮೂರು ಪಾಳಿ ಓಡಿಸುವ ಕಡೆ ಅದೇ 10 ಸುಮ್ಮಸುಮ್ಮನೆ ಕಿರುಚುತ್ತದೆ. ಇನ್ನೊಂದು ಎಚ್ಚರಿಕೆ. ಗುರುತು ಬಿದ್ದ ತಿಂಗಳನ್ನು ಮುಂದಿನ ಸರಾಸರಿಗೆ ಸೇರಿಸಬೇಡಿ. 576 ಹೀಗೇ ಮುಂದುವರಿದರೆ ಮೂರನೇ ತಿಂಗಳ ಹೊತ್ತಿಗೆ ಸರಾಸರಿಯೇ 551 ಆಗಿ, ಗುರುತು ಮಾಯವಾಗುತ್ತದೆ. ರೋಗವೇ ಆರೋಗ್ಯ ಆಗಿಬಿಡುತ್ತದೆ.

ಯೂನಿಟ್ ದರ ನೋಡಿದರೆ ಗೊತ್ತಾಗಲ್ವಾ ಅಂತ ಕೆಲವರು ಕೇಳುತ್ತಾರೆ. ಗೊತ್ತಾಗುವುದಿಲ್ಲ. ಬಿಲ್‌ನಲ್ಲಿ ಎರಡು ಭಾಗ ಇರುತ್ತದೆ. ಓಡಿಸಿದಷ್ಟಕ್ಕೆ ಕೊಡುವುದು ಒಂದು, ಓಡಿಸಲಿ ಬಿಡಲಿ ಕೊಡಬೇಕಾದ ನಿಗದಿತ ಶುಲ್ಕ ಇನ್ನೊಂದು. ಲೆಕ್ಕ ಸುಲಭವಾಗಲಿ ಅಂತ ಯೂನಿಟ್ಟಿಗೆ 7 ರೂಪಾಯಿ, ನಿಗದಿತ ಶುಲ್ಕ 15,000 ಅಂತಿಟ್ಟುಕೊಳ್ಳಿ. ಫೆಬ್ರವರಿ ಬಿಲ್ 1,11,600, ಯೂನಿಟ್ಟಿಗೆ 8.09 ಬಿತ್ತು. ಏಪ್ರಿಲ್ ಬಿಲ್ 1,27,840, ಯೂನಿಟ್ಟಿಗೆ 7.93. ದಂಡಕ್ಕೆ ಕರೆಂಟ್ ಓಡಿದ ತಿಂಗಳಲ್ಲೇ ದರ ಕಮ್ಮಿ! ಜಾಸ್ತಿ ಸುಟ್ಟಷ್ಟೂ ನಿಗದಿತ ಶುಲ್ಕ ಹಂಚಿಹೋಗುತ್ತದೆ, ಅಷ್ಟೇ. ಹಾಗಂತ ಯೂನಿಟ್ ದರ ಕೆಲಸಕ್ಕೆ ಬಾರದ್ದಲ್ಲ. ದಿನದ ಯೂನಿಟ್ ಹಾಗೇ ಇದ್ದು ದರ ಮಾತ್ರ ಏರಿದರೆ ಬಿಲ್‌ನ ಉಳಿದ ಸಾಲುಗಳನ್ನು ಓದಬೇಕು. ಪವರ್ ಫ್ಯಾಕ್ಟರ್ ಬಿದ್ದು ದಂಡ ಹಾಕಿದ್ದಾರಾ, ಡಿಮ್ಯಾಂಡ್ ಮಂಜೂರಾದ ಮಿತಿ ದಾಟಿತಾ, ದರ ಪರಿಷ್ಕರಣೆ ಆಯಿತಾ ಅಂತ. ಇದು ಬೇರೆ ರೋಗ, ಬೇರೆ ಔಷಧಿ.

ದಿನದ ಯೂನಿಟ್ ಇಳಿದರೂ ಗುರುತು ಬೀಳಬೇಕು, ಅದಕ್ಕೇ ಸೂತ್ರದಲ್ಲಿ `ABS` ಇರುವುದು. ಮೂರರಲ್ಲಿ ಒಂದು ಪಾಲು ಇಳಿದಿದ್ದರೆ ಒಂದು ಫೇಸಿನ ಸಿಟಿ ವೈರ್ ಬಿಟ್ಟುಕೊಂಡಿರಬಹುದು. ಸರಿಯಾಗಿ ಅರ್ಧ ಆಗಿದ್ದರೆ, ಸಿಟಿಯನ್ನು 200/5ಕ್ಕೆ ಬದಲಿಸಿದ ಮೇಲೂ ಶೀಟಿನಲ್ಲಿ ಹಳೇ 20ನ್ನೇ ಉಳಿಸಿಕೊಂಡಿರಬಹುದು. ಖುಷಿಪಡಬೇಡಿ. ತಪ್ಪು ಮೀಟರಿನ ಕಡೆಯದ್ದಾದರೆ ಹಿಂದಿನ ಬಾಕಿ ಒಟ್ಟಿಗೇ ಬರುತ್ತದೆ.

ಮತ್ತೆ ಪ್ರೆಸ್ ಶಾಪಿಗೆ ಬರೋಣ. 576 ಕಂಡ ಕೂಡಲೇ ಮೊದಲು ಕೇಳಬೇಕಾದದ್ದು, ಕೆಲಸ ಜಾಸ್ತಿ ಇತ್ತಾ ಅಂತ. ಮಾರ್ಚಿನ ಬಿಲ್ ಅವಧಿಯಲ್ಲಿ ಹೊರಗೆ ಹೋದ ಮಾಲು 27 ಟನ್, ಅಂದರೆ ಟನ್ನಿಗೆ 611 ಯೂನಿಟ್. ಏಪ್ರಿಲ್‌ನದ್ದು 24 ಟನ್, ಟನ್ನಿಗೆ 672. ಕೆಲಸದ ನೆಪ ಇಲ್ಲ.

ಆಮೇಲೆ ಮಾಡುವುದು ಸುಲಭದ ಕೆಲಸ. ಶನಿವಾರ ಸಂಜೆ 7ಕ್ಕೆ ಬಾಗಿಲು ಹಾಕುವಾಗ ರೀಡಿಂಗ್ 51402.0. ಸೋಮವಾರ ಬೆಳಿಗ್ಗೆ 7ಕ್ಕೆ 51410.4. ವ್ಯತ್ಯಾಸ 8.4, ಗುಣಿಸು 20 ಅಂದರೆ 168 ಯೂನಿಟ್. 36 ಗಂಟೆಗೆ ಹಂಚಿದರೆ ಸರಾಸರಿ 4.7 ಕಿಲೋವ್ಯಾಟ್ ಓಡಿದೆ. ಬಾಗಿಲು ಹಾಕಿದ ಶೆಡ್ಡಿನಲ್ಲಿ ಗೇಟಿನ ಲೈಟು, ವಾಚ್‌ಮನ್ ಫ್ಯಾನು ಸೇರಿ ಅರ್ಧ ಕಿಲೋವ್ಯಾಟ್ ಇದ್ದರೆ ಹೆಚ್ಚು. ಉಳಿದದ್ದು 10 ಎಚ್‌ಪಿ ಏರ್ ಕಂಪ್ರೆಸರ್. ಯಾರೂ ಆಫ್ ಮಾಡಿರಲಿಲ್ಲ. ಪೈಪಿನ ಜಾಯಿಂಟುಗಳಲ್ಲಿ ಗಾಳಿ ಸೋರಿ, ಪ್ರೆಷರ್ ಬಿದ್ದಾಗಲೆಲ್ಲ ಅದು ತಾನೇ ಚಾಲೂ ಆಗುತ್ತಿತ್ತು. ಹಗಲು ಪ್ರೆಸ್‌ಗಳ ಸದ್ದಿನಲ್ಲಿ ಸೋರುವ ಸುಂಯ್ ಶಬ್ದ ಕೇಳಿಸುವುದಿಲ್ಲ. ಭಾನುವಾರ ಶೆಡ್ಡಿನಲ್ಲಿ ನಿಂತರೆ ಕಿವಿಗೇ ಸಿಗುತ್ತದೆ, ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ.

ಈ ನಷ್ಟಕ್ಕೆ ಬೆಲೆ ಕಟ್ಟುವಾಗ 7.93 ಹಿಡಿಯಬೇಡಿ, 7 ಹಿಡಿಯಿರಿ. ಸೋರಿಕೆ ನಿಲ್ಲಿಸಿದರೂ ನಿಗದಿತ ಶುಲ್ಕ ಇಳಿಯುವುದಿಲ್ಲ ಅಲ್ವಾ? 576ರಿಂದ ಮೊದಲ ಮೂರು ತಿಂಗಳ ಸರಾಸರಿ 499 ಕಳೆದರೆ ದಿನಕ್ಕೆ 77 ಯೂನಿಟ್, 539 ರೂಪಾಯಿ, ತಿಂಗಳಿಗೆ 16,000 ದಾಟುತ್ತದೆ. ಎರಡು ಜಾಯಿಂಟ್ ಬಿಗಿ ಮಾಡಿ, ಕಂಪ್ರೆಸರ್ ಸ್ವಿಚ್ ಆಫ್ ಮಾಡುವುದನ್ನು ವಾಚ್‌ಮನ್‌ಗೆ ಒಪ್ಪಿಸಿದ ಮೇಲೆ, ಮುಂದಿನ ಶನಿವಾರದಿಂದ ಸೋಮವಾರಕ್ಕೆ ವ್ಯತ್ಯಾಸ 0.9. ಅಂದರೆ 18 ಯೂನಿಟ್, ಬರೀ ಲೈಟು, ಫ್ಯಾನು.